ಗ್ರೋತೋ, ಪೇಔಟೋ? ಫಾರಂ ತುಂಬುವಾಗಲೇ ನೋಡಿ
ಮಂಡ್ಯ, ಮೈಸೂರಿನ ಕಡೆ ಸುಮಾರು ಜನ ಮ್ಯೂಚುವಲ್ ಫಂಡ್‌ನ ಪೇಔಟನ್ನು ಬ್ಯಾಂಕ್ ಬಡ್ಡಿ ಥರ ಅಂದ್ಕೊಂಡಿದ್ದಾರೆ. ಅದು ನಿಮ್ಮದೇ ಎನ್‌ಎವಿಯಿಂದ, ಅಂದ್ರೆ ಯೂನಿಟ್‌ನ ಬೆಲೆಯಿಂದ, ಕಿತ್ತು ಕೊಡೋ ದುಡ್ಡು.

ಈಕ್ವಿಟಿ ಫಂಡ್‌ನಲ್ಲಿ 40 ರೂಪಾಯಿಗೆ ಕೊಂಡ 2,000 ಯೂನಿಟ್ ಇವೆ, ಎನ್‌ಎವಿ ಈಗ 50 ಅನ್ನಿ. ಯೂನಿಟ್‌ಗೆ 5 ರೂಪಾಯಿ ಪೇಔಟ್ ಕೊಟ್ಟರೆ ಕೈಗೆ 10,000 ಬರುತ್ತೆ, ಎನ್‌ಎವಿ 45ಕ್ಕೆ ಇಳಿಯುತ್ತೆ. ಆ 10,000 ಪೂರ್ತಿ ನಿಮ್ಮ ಆದಾಯಕ್ಕೆ ಸೇರುತ್ತೆ. 30% ಸ್ಲ್ಯಾಬ್‌ನವರಿಗೆ 3,000 ತೆರಿಗೆ, ಮೇಲೆ ಸೆಸ್. ಹೊರಗೆ ಹೋದ ದುಡ್ಡು ಮುಂದೆ ಬೆಳೆಯೋದೂ ಇಲ್ಲ.

ಲಾಭ ಫಂಡ್‌ನಲ್ಲೇ ಉಳಿಯೋ ಗ್ರೋತ್‌ನಲ್ಲಿದ್ದು 200 ಯೂನಿಟ್ ಮಾರಿದರೂ ಅದೇ 10,000. ಆದರೆ ಲಾಭ 2,000 ಮಾತ್ರ. ಕೊಂಡು ಒಂದು ವರ್ಷ ದಾಟಿದ್ದು, ಮಾರಿದ ಹಣಕಾಸು ವರ್ಷದ ಇಂಥ ಒಟ್ಟು ಲಾಭ 1.25 ಲಕ್ಷದೊಳಗಿದ್ದರೆ ತೆರಿಗೆಯೇ ಇಲ್ಲ. ಮೀರಿದ ಭಾಗಕ್ಕಷ್ಟೇ 12.5%.

ಸ್ಟೇಟ್‌ಮೆಂಟ್‌ನಲ್ಲಿ IDCW ಅಂತಿದ್ದರೆ ಅದು ದುಡ್ಡು ಹಂಚೋ ಆಯ್ಕೆ, ಗ್ರೋತ್ ಅಲ್ಲ. ಗ್ರೋತ್‌ಗೆ ಬದಲಾಯಿಸೋ ಮುಂಚೆ ಎಕ್ಸಿಟ್ ಲೋಡ್, ಅಂದ್ರೆ ಬೇಗ ಹೊರಬಂದರೆ ಹಿಡಿಯೋ ಶುಲ್ಕ, ಎಷ್ಟಿದೆ ನೋಡಿ, ಯಾಕಂದ್ರೆ ಸ್ವಿಚ್ ಅಂದ್ರೂ ಮಾರಾಟದ ಲೆಕ್ಕವೇ.