ಚುಂಬಕ ಹಿಡಿಯಲಿಲ್ಲ ಅಂದ ಮಾತ್ರಕ್ಕೆ 304 ಸ್ಟೀಲ್ ಅಲ್ಲ

ಮಜ್ಜಿಗೆ ಹಾಕಿಡಲು ಒಂದು ಡಬ್ಬಿ ಬೇಕಿತ್ತು. ಬೆಳಗಾವಿಯ ಭಾಂಡೆ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯವರು ಗಲ್ಲಾದಿಂದ ಸಣ್ಣ ಚುಂಬಕ ತೆಗೆದು ಡಬ್ಬಿಗೆ ತಾಗಿಸಿದರು. ಅದು ಜಾರಿ ಬಿತ್ತು. "ಹಿಡೀಲಿಲ್ಲ ನೋಡ್ರಿ ಅಕ್ಕಾರ, ಪಕ್ಕಾ 304" ಎಂದರು. 304 ಅಂದರೆ ಉಪ್ಪು, ಹುಳಿಗೆ ಸುಲಭವಾಗಿ ತುಕ್ಕು ಹಿಡಿಯದ ದರ್ಜೆಯ ಸ್ಟೀಲ್. ನಾನೂ ನಂಬಿದೆ. ಎರಡು ತಿಂಗಳಾಗುವುದರೊಳಗೆ ತಳದ ಅಂಚಿನಲ್ಲಿ ಕಂದು ಚುಕ್ಕಿಗಳು ಕಾಣಿಸಿಕೊಂಡವು.

ಚುಂಬಕ ಸುಳ್ಳು ಹೇಳಿರಲಿಲ್ಲ. ನಾವು ಅದಕ್ಕೆ ಗೊತ್ತಿಲ್ಲದ್ದನ್ನು ಕೇಳಿದ್ದೆವು, ಅಷ್ಟೇ. 304 ಸ್ಟೀಲಿನಲ್ಲಿ ಸುಮಾರು 18% ಕ್ರೋಮಿಯಂ, 8% ನಿಕಲ್ ಇರುತ್ತದೆ. ಚುಂಬಕ ಹಿಡಿಯದಂತೆ ಮಾಡುವುದು ಈ ನಿಕಲ್. ಆದರೆ ನಿಕಲ್ ತುಟ್ಟಿ. ಹಾಗಾಗಿ ಅಗ್ಗದ 200 ಸರಣಿಯ ಸ್ಟೀಲಿನಲ್ಲಿ (ಪೇಟೆಯಲ್ಲಿ 202, ಜೆ-4 ಅಂತಾರೆ) ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸುತ್ತಾರೆ. ಮ್ಯಾಂಗನೀಸ್ ಕೂಡ ನಿಕಲ್‌ನ ಕೆಲಸ ಮಾಡುವುದರಿಂದ ಅದಕ್ಕೂ ಚುಂಬಕ ಹಿಡಿಯುವುದಿಲ್ಲ. ಉಪ್ಪು, ಹುಳಿ ತಡೆಯುವ ಶಕ್ತಿ ಮಾತ್ರ ಕಡಿಮೆ.

ಇನ್ನೊಂದು ಕಡೆ 430 ಎಂಬ ಸ್ಟೀಲಿದೆ. ನಿಕಲ್ ಇಲ್ಲ, ಚುಂಬಕ ಗಟ್ಟಿಯಾಗಿ ಹಿಡಿಯುತ್ತದೆ. ಆದರೂ ಅದರಲ್ಲಿ 16ರಿಂದ 18% ಕ್ರೋಮಿಯಂ ಇರುವುದರಿಂದ ಊಟದ ತಾಟಿಗೆ ತೊಂದರೆಯಿಲ್ಲ. ಇಂಡಕ್ಷನ್ ಪಾತ್ರೆಯ ತಳಕ್ಕಂತೂ ಚುಂಬಕ ಹಿಡಿಯಲೇಬೇಕು. ಅದನ್ನು ನಕಲಿ ಎಂದು ವಾಪಸ್ ಕೊಟ್ಟು ಬಂದವರೂ ಇದ್ದಾರೆ!

ಹಾಗಾದರೆ ಮನೆಯಲ್ಲಿ ಹೇಗೆ ನೋಡುವುದು?

ಮೊದಲು ಚುಂಬಕವನ್ನೇ ಹಿಡಿಯಿರಿ, ಆದರೆ ಪಾತ್ರೆಯ ಮಟ್ಟಸವಾದ ಜಾಗದಲ್ಲಿ. ಬಾಯಂಚು, ಮೂಲೆಗಳಲ್ಲಿ ತಗಡನ್ನು ಒತ್ತಿ ಬಗ್ಗಿಸಿರುತ್ತಾರೆ. ಅಲ್ಲಿ ಅಸಲಿ 304 ಕೂಡ ಸ್ವಲ್ಪ ಎಳೆಯುತ್ತದೆ. ಎಲ್ಲಾ ಕಡೆ ಟಪ್ಪನೆ ಅಂಟಿದರೆ ಅದು 304 ಅಲ್ಲ. ಅಂಟದಿದ್ದರೆ 304 ಇರಬಹುದು, 202 ಕೂಡ ಇರಬಹುದು.

ಎರಡನೆಯದು ಉಪ್ಪು-ನಿಂಬೆ ಪರೀಕ್ಷೆ. ಒಂದು ಚಮಚ ಉಪ್ಪಿಗೆ ಒಂದು ನಿಂಬೆಹಣ್ಣಿನ ರಸ ಹಿಂಡಿ. ಅದರಲ್ಲಿ ಹತ್ತಿ ಬಟ್ಟೆಯ ತುಂಡು ನೆನೆಸಿ, ಪಾತ್ರೆಯ ಹೊರತಳಕ್ಕೆ ಹಚ್ಚಿ, ಒಣಗದ ಹಾಗೆ ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಡಿ. ಪಕ್ಕದಲ್ಲೇ 304 ಎಂದು ಖಾತ್ರಿಯಿರುವ ಇನ್ನೊಂದು ಪಾತ್ರೆಗೂ ಹೀಗೇ ಮಾಡಿ. ಹೋಲಿಸಿ ನೋಡದಿದ್ದರೆ ಈ ಪರೀಕ್ಷೆಗೆ ಅರ್ಥವಿಲ್ಲ. ನಮ್ಮನೆಯ ಹಳೆಯ ಟಿಫಿನ್ ಕ್ಯಾರಿಯರ್ ತೊಳೆದ ಮೇಲೆ ಮೊದಲಿನಂತೆಯೇ ಇತ್ತು. ಮಜ್ಜಿಗೆ ಡಬ್ಬಿಯಲ್ಲಿ ಬಟ್ಟೆ ಇದ್ದಷ್ಟೂ ಜಾಗದಲ್ಲಿ ಸಾಸಿವೆಗಿಂತ ಸಣ್ಣ ಕಂದು ಚುಕ್ಕಿ ಎದ್ದಿದ್ದವು.

ಚುಕ್ಕಿ ಕಂಡ ಕೂಡಲೇ ತೀರ್ಪು ಕೊಡಬೇಡಿ. ಕಬ್ಬಿಣದ ತಂತಿಜುಂಗಿನಿಂದ ತಿಕ್ಕಿದ್ದರೆ ಅದರ ಚೂರು ಅಂಟಿಕೊಂಡು ತುಕ್ಕು ಹಿಡಿದಿರುತ್ತದೆ. ನಿಂಬೆಹೋಳಿನಿಂದ ಉಜ್ಜಿ, ಉಗುರು ಆಡಿಸಿ. ಕಲೆ ಹೋಗಿ ಜಾಗ ನುಣ್ಣಗಿದ್ದರೆ ಅದು ಹೊರಗಿನ ತುಕ್ಕು. ಸಣ್ಣ ಗುಳಿ ಸಿಕ್ಕರೆ ಪಾತ್ರೆಯೇ ಸವೆಯುತ್ತಿದೆ ಅಂತ. ಬಾಗಲಕೋಟೆ, ವಿಜಯಪುರದ ಕಡೆ ಬೋರ್‌ವೆಲ್ ನೀರಿನ ಬಿಳಿ ಕಲೆ ಸುಣ್ಣದ್ದು, ಅದಕ್ಕೂ ಸ್ಟೀಲಿನ ದರ್ಜೆಗೂ ಸಂಬಂಧವಿಲ್ಲ. ಬಿಸಿಗೆ ಬಂದ ಕಾಮನಬಿಲ್ಲಿನ ಬಣ್ಣವೂ ಅಷ್ಟೇ.

ಇನ್ನೂ ಖಚಿತ ಬೇಕಾದರೆ ಸ್ಟೀಲ್ ಪರೀಕ್ಷೆಯ ದ್ರಾವಣದ ಸಣ್ಣ ಬಾಟಲಿ ಸಿಗುತ್ತದೆ. ಹೊರತಳಕ್ಕೆ ಒಂದು ಹನಿ ಬಿಟ್ಟು, 9 ವೋಲ್ಟ್ ಬ್ಯಾಟರಿಯ ಪ್ಲಸ್ ತುದಿಯನ್ನು ಸ್ಟೀಲಿಗೂ ಮೈನಸ್ ತುದಿಯನ್ನು ಹನಿಗೂ ತಾಗಿಸಬೇಕು. ಕೆಲವೇ ಸೆಕೆಂಡಿನಲ್ಲಿ ಹನಿ ಕೆಂಪಾದರೆ ಮ್ಯಾಂಗನೀಸ್ ಜಾಸ್ತಿ, ಅಂದರೆ 200 ಸರಣಿ. ಆ ದ್ರಾವಣ ಆಮ್ಲದ್ದು. ಕೈಗೆ ತಾಗಿಸಿಕೊಳ್ಳಬೇಡಿ, ಪಾತ್ರೆಯನ್ನು ಚೆನ್ನಾಗಿ ತೊಳೆಯಿರಿ.

ತೂಕ, ಹೊಳಪು, ಬಡಿದರೆ ಬರುವ ಸದ್ದು ಇವೆಲ್ಲ ಸುಮ್ನೆ. ದಪ್ಪ ತಗಡು ಅಗ್ಗದ ಸ್ಟೀಲಿನದ್ದೂ ಇರಬಹುದು, ಪಾಲಿಶ್ ಯಾವುದಕ್ಕಾದರೂ ಮಾಡಬಹುದು.

ಕೊಳ್ಳುವಾಗ ಐಎಸ್‌ಐ ಗುರುತು ಹುಡುಕಿ. ಅದರ ಜತೆಗಿರುವ CM/L ಪರವಾನಗಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಆದರೆ ಐಎಸ್‌ಐ ಎಂದರೆ 304 ಎಂದೇ ಅಲ್ಲ, ನಿಕಲ್ ಕಡಿಮೆಯಿರುವ ಪಾತ್ರೆ ಸ್ಟೀಲಿಗೂ ನಮ್ಮಲ್ಲಿ ಬೇರೆ ಮಾನದಂಡವಿದೆ. ಹಾಗಾಗಿ ಬಿಲ್ಲಿನಲ್ಲಿ "304" ಎಂದು ಬರೆದುಕೊಡಿ ಎನ್ನಿ. ಬಾಯಲ್ಲಿ ಪಕ್ಕಾ ಎಂದವರು ಪೆನ್ನು ಹಿಡಿಯಲು ಹಿಂದೆ ಮುಂದೆ ನೋಡಿದರೆ ಉತ್ತರ ಸಿಕ್ಕಿತಲ್ವಾ?

ನಮ್ಮ ಡಬ್ಬಿಯನ್ನು ಎಸೆದಿಲ್ಲ. ಈಗ ಅದರಲ್ಲಿ ಶೇಂಗಾ ಇದೆ. ಒಣ ಪದಾರ್ಥಕ್ಕೆ ಅದು ಸಾಕು.