ಓದುವ ಕೋಣೆಗೆ 4000 ಕೆಲ್ವಿನ್: ಮೂರು ಸಲ ಸೋತು ಕಂಡುಕೊಂಡ ಬೆಳಕು

ಓದುವ ಕೋಣೆಗೆ 4000 ಕೆಲ್ವಿನ್ ಬಲ್ಬ್ ಹಾಕುತ್ತೇನೆ ಎಂದಾಗ ಅಣ್ಣ ಒಪ್ಪಿರಲಿಲ್ಲ. ವೈರಿಂಗ್ ಕೆಲಸದಲ್ಲಿ ಪಳಗಿದವನು ಅವನು. ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಇಳಿದಷ್ಟೂ ಹಳದಿ, ಏರಿದಷ್ಟೂ ನೀಲಿ ಬೆರೆತ ಬಿಳಿ. "ಓದುವುದಕ್ಕೆ 6500ರ ಬಿಳಿಯೇ ಆಗಬೇಕು. ಇದು ಅತ್ತ ಹಳದಿಯೂ ಅಲ್ಲ, ಇತ್ತ ಬಿಳಿಯೂ ಅಲ್ಲ" ಎಂದಿದ್ದ. ಎಂಟು ತಿಂಗಳಿಂದ ಅದೇ ಬೆಳಕಿನಲ್ಲಿ ದಿನಕ್ಕೆ ನಾಲ್ಕೈದು ಗಂಟೆ ಓದುತ್ತಿದ್ದೇನೆ. ಕಳೆದ ತಿಂಗಳು ಅವನೇ ತನ್ನ ಮಗಳ ಮೇಜಿಗೂ ಇದನ್ನೇ ಹಾಕಿಕೊಟ್ಟ.

ಮೊದಲು ನಾನೂ ಅಣ್ಣನ ದಾರಿಯನ್ನೇ ಹಿಡಿದಿದ್ದೆ. ಚಾವಣಿಯ ಹೋಲ್ಡರಿಗೆ 9 ವ್ಯಾಟಿನ 6500 ಕೆಲ್ವಿನ್ ಬಲ್ಬ್ ಹಾಕಿದೆ. ಕೋಣೆಯೇನೋ ಬೆಳ್ಳಗಾಯಿತು, ಆದರೆ ಮೋಡ ಕವಿದ ಮಧ್ಯಾಹ್ನದ ಹಾಗೆ ಮಂಕು ಮಂಕು. ಪುಟ ನೀಲಿಗೆ ತಿರುಗಿದಂತಿತ್ತು. ಹತ್ತು ದಿನಗಳಲ್ಲಿ ಬೇಸತ್ತು 2700ರ ವಾರ್ಮ್ ವೈಟ್ ತಂದೆ. ಮನಸ್ಸಿಗೆ ಹಿತವಾಯಿತು, ಆದರೆ ಅರ್ಧ ಗಂಟೆಗೆಲ್ಲ ಆಕಳಿಕೆ. ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿ ಹಳದಿ ಪುಟದಲ್ಲಿ ಕರಗಿಹೋಗುತ್ತಿತ್ತು.

ಮೂರನೆಯ ಪ್ರಯತ್ನವೇ ಎಲ್ಲಕ್ಕಿಂತ ಕೆಟ್ಟದ್ದು. ಎರಡೂ ಬಲ್ಬ್‌ಗಳು ಕೈಯಲ್ಲಿವೆಯಲ್ಲ ಎಂದು ಮೇಲೆ 6500, ಟೇಬಲ್ ಲ್ಯಾಂಪಿಗೆ 2700 ಹಾಕಿದೆ. ಬರೆಯಲು ಕೈ ಇಟ್ಟರೆ ಕಾಗದದ ಮೇಲೆ ಪೆನ್ನಿಗೆ ಎರಡು ನೆರಳು. ಲ್ಯಾಂಪಿನ ಬೆಳಕು ತಡೆದಲ್ಲಿ ನೀಲಿ ನೆರಳು, ಚಾವಣಿಯ ಬೆಳಕು ತಡೆದಲ್ಲಿ ಕಿತ್ತಳೆ ನೆರಳು. ಬರೆಯುತ್ತಿದ್ದಂತೆ ಎರಡೂ ಕತ್ತರಿಯಂತೆ ಆಡುತ್ತಿದ್ದವು. ಪುಟದಿಂದ ತಲೆಯೆತ್ತಿ ಗೋಡೆ ನೋಡಿದಾಗಲೆಲ್ಲ ಕಣ್ಣು ಹೊಸದಾಗಿ ಹೊಂದಿಕೊಳ್ಳಬೇಕು. ಅಷ್ಟರಲ್ಲಿ ಬಲ್ಬ್‌ಗಳಿಗೆ ಸುರಿದ ಹಣದಲ್ಲಿ ಒಂದು ಒಳ್ಳೆಯ ಟೇಬಲ್ ಲ್ಯಾಂಪೇ ಬರುತ್ತಿತ್ತು.

ಆಗ ಮೊಬೈಲಿನ ಬೆಳಕಿನ ಸಂವೇದಕದಿಂದ ಮೇಜಿನ ಮೇಲೆ ಎಷ್ಟು ಬೆಳಕು ಬೀಳುತ್ತದೆ ಎಂದು ಲಕ್ಸಿನಲ್ಲಿ ಅಳೆದು ನೋಡಿದೆ. ಅದು ಒರಟು ಲೆಕ್ಕ ಎಂದು ಗೊತ್ತಿದೆ, ಆದರೂ ವ್ಯತ್ಯಾಸ ತೋರಿಸಲು ಸಾಕು. ಚಾವಣಿಯ ಬಲ್ಬ್ ಒಂದೇ ಉರಿದಾಗ ನೂರು ಲಕ್ಸಿನ ಆಸುಪಾಸು. ಓದಲು ಮುನ್ನೂರರಿಂದ ಐನೂರು ಬೇಕು. 6500 ನನಗೆ ಮಂಕಾಗಿ ಕಂಡದ್ದು ಏಕೆಂದು ಆಗ ಹೊಳೆಯಿತು. ನೀಲಿ ಹೆಚ್ಚಿರುವ ಬೆಳಕು ಕಡಿಮೆ ಪ್ರಮಾಣದಲ್ಲಿದ್ದರೆ ಕಣ್ಣಿಗೆ ಬಾಡಿದಂತೆ ಕಾಣುತ್ತದೆ. ಅದೇ ಬೆಳಕು ಧಾರಾಳವಾಗಿದ್ದರೆ ಹಗಲಿನಂತೆ ಕಾಣುತ್ತದೆ. ನಾನು ಕೆಲ್ವಿನ್ ಬದಲಿಸುತ್ತಿದ್ದೆ, ಕೊರತೆ ಇದ್ದದ್ದು ಲಕ್ಸಿನಲ್ಲಿ.

ಟೇಬಲ್ ಲ್ಯಾಂಪನ್ನು ಎಡಕ್ಕೆ ತಂದು ಪುಟದಿಂದ ಒಂದೂವರೆ ಅಡಿ ಎತ್ತರಕ್ಕೆ ಇಳಿಸಿದೆ. 5 ವ್ಯಾಟಿನ ಬಲ್ಬ್‌ನಲ್ಲೇ ಐನೂರು ದಾಟಿತು. ಆ ಮೇಲೆಯೇ ಬಣ್ಣದ ಕಡೆ ಗಮನ ಕೊಟ್ಟದ್ದು. ಮೇಲೂ ಕೆಳಗೂ 4000 ಹಾಕಿದೆ, ಎರಡು ನೆರಳಿನ ಬಣ್ಣದಾಟ ಅಂದಿಗೇ ನಿಂತಿತು. 2700 ಮತ್ತು 6500ರ ನಡುವೆ ಸರಿಯಾಗಿ ಅರ್ಧ ಎಂದರೆ 4600 ಎಂದು ಅಣ್ಣ ವಾದಿಸಿದ. ಆದರೆ ಕಣ್ಣು ಹಾಗೆ ಲೆಕ್ಕ ಹಾಕುವುದಿಲ್ಲ. ಹತ್ತು ಲಕ್ಷವನ್ನು ಕೆಲ್ವಿನ್ ಸಂಖ್ಯೆಯಿಂದ ಭಾಗಿಸಿ ನೋಡಿ: 2700ಕ್ಕೆ 370, 4000ಕ್ಕೆ 250, 6500ಕ್ಕೆ 154 ಬರುತ್ತದೆ. ಕಣ್ಣಿಗೆ ಕಾಣುವ ಬಣ್ಣದ ಅಂತರ ಈ ಅಂಕಿಗಳಿಗೆ ಹತ್ತಿರ. ಈ ಅಳತೆಯಲ್ಲಿ 4000ವೇ ಹೆಚ್ಚುಕಡಿಮೆ ನಡುಮಧ್ಯ.

ನಡುವೆ ಇನ್ನೊಂದು ಪ್ರಯೋಗಕ್ಕೂ ಇಳಿದೆ. ಕಡುನೀಲಿ ಮತ್ತು ಕಪ್ಪು ಬಣ್ಣದ ಪೆನ್ಸಿಲುಗಳನ್ನು ಅಕ್ಕಪಕ್ಕ ಇಟ್ಟು ಎಲ್ಲ ಬಲ್ಬ್‌ಗಳಡಿ ನೋಡಿದೆ. ಅಗ್ಗದ 2700ರಲ್ಲಿ ಎರಡೂ ಒಂದೇ. ಪೆಟ್ಟಿಗೆಯ ಮೇಲೆ 840 ಎಂದಿದ್ದ ಬಲ್ಬ್‌ನಲ್ಲಿ ಗುರುತು ಸಿಕ್ಕಿತು, 940ರಲ್ಲಿ ಇನ್ನೂ ಸ್ಪಷ್ಟ. ಆ ಸಂಖ್ಯೆಯ ಮೊದಲ ಅಂಕಿ ಸಿಆರ್‌ಐಯದ್ದು, ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ ಅದು, ನೂರಕ್ಕೆ ಎಂಬತ್ತರ ಮೇಲೋ ತೊಂಬತ್ತರ ಮೇಲೋ ಎಂಬುದು. ಉಳಿದ ಎರಡು ಅಂಕಿ ಕೆಲ್ವಿನ್‌ನದು, 40 ಎಂದರೆ 4000. ನಾನು ಮೇಜಿಗೆ ಮಾತ್ರ 940 ತಂದೆ. ಅದು ಹೆಚ್ಚುಕಡಿಮೆ ದುಪ್ಪಟ್ಟು ಬೆಲೆ, ಚಾವಣಿಗೂ ಅದನ್ನೇ ಹಾಕುವುದು ದಂಡ.

ರಾತ್ರಿ ಒಂಬತ್ತರ ನಂತರ ಓದುವುದಿದ್ದರೆ ಚಾವಣಿಯದನ್ನು ಆರಿಸಿ, ಮೂಲೆಯಲ್ಲಿ ಗೋಡೆಗೆ ಮುಖ ಮಾಡಿಟ್ಟ 2700ರ ದೀಪ ಹಚ್ಚಿ, ಮೇಜಿನದನ್ನೂ 2700ಕ್ಕೆ ಬದಲಿಸುತ್ತೇನೆ. ನೀಲಿಯ ಅಂಶ ಹೆಚ್ಚಿದ್ದರೆ ನಿದ್ದೆ ಹತ್ತಲು ತಡವಾಗುತ್ತದೆ. ಆ ಮೂಲೆಯ ದೀಪ ಪುಟದ ಮೇಲೆ ನೆರಳೇ ಬೀಳಿಸದಂತೆ ಕೂರಿಸಿದ ಕೋನವನ್ನು ಮಾತ್ರ ಹೇಳುವುದಿಲ್ಲ, ಅದಕ್ಕೆ ಮೂರು ಭಾನುವಾರ ಕಳೆದಿದ್ದೇನೆ.

ಬಲ್ಬ್‌ಗಳನ್ನು ಒಂದೇ ತಯಾರಕರಿಂದ, ಒಂದೇ ಸಲ, ಒಂದು ಹೆಚ್ಚುವರಿಯೊಂದಿಗೆ ತರಬೇಕು. ಚಾವಣಿಯದು ಐದನೇ ತಿಂಗಳಲ್ಲಿ ಹೋದಾಗ ಬೇರೆ ತಯಾರಕರ 4000 ಹಾಕಿದೆ. ಪೆಟ್ಟಿಗೆಯ ಮೇಲೆ ಅದೇ ಸಂಖ್ಯೆ, ಗೋಡೆಯ ಮೇಲೆ ಮಾತ್ರ ತೆಳುವಾದ ಹಸಿರು ಛಾಯೆ. ಅದೀಗ ಬಚ್ಚಲುಮನೆಯಲ್ಲಿ ಉರಿಯುತ್ತಿದೆ.