ಚಿನ್ನದ ಸಾಲ: ತಿಂಗಳ ಬಡ್ಡಿ ಕಟ್ಟಬೇಕಾ, ಕೊನೆಗೆ ಒಟ್ಟಿಗೆ ತೀರಿಸಬೇಕಾ? ಲೆಕ್ಕ ಹೀಗೆ ಹಾಕಿ

ಒಡವೆ ಅಡವಿಡಲು ಹೋದಾಗ ಕೌಂಟರಿನಲ್ಲಿ ಒಂದು ಪ್ರಶ್ನೆ ಬರುತ್ತದೆ. "ತಿಂಗಳು ತಿಂಗಳು ಬಡ್ಡಿ ಕಟ್ತೀರಾ, ಇಲ್ಲಾ ಬುಲೆಟ್ ಹಾಕಲಾ?" ಬುಲೆಟ್ ಅಂದರೆ ನಡುವೆ ಏನೂ ಕಟ್ಟಬೇಕಾಗಿಲ್ಲ, ಅವಧಿ ಮುಗಿದಾಗ ಅಸಲು ಮತ್ತು ಬಡ್ಡಿ ಎರಡನ್ನೂ ಒಂದೇ ಸಲ ಕಟ್ಟುವುದು. ನಡುವೆ ತಲೆನೋವಿಲ್ಲ ಎಂದು ಬಹಳ ಜನ ಇದಕ್ಕೆ ಹೂಂ ಎನ್ನುತ್ತಾರೆ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಹೂಂ ಎನ್ನುವ ಮೊದಲು ಹತ್ತು ನಿಮಿಷ ಲೆಕ್ಕ ಹಾಕಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸಾಲ 2,00,000 ರೂಪಾಯಿ, ಅವಧಿ 12 ತಿಂಗಳು, ಬಡ್ಡಿ ವರ್ಷಕ್ಕೆ ಶೇ 12. ನಮ್ಮ ಆಡುಮಾತಿನಲ್ಲಿ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ.

ಮೊದಲು ತಿಂಗಳ ಬಡ್ಡಿ. ಇದು ಸುಲಭ. 2,00,000ಕ್ಕೆ ಶೇ 1 ಅಂದರೆ ತಿಂಗಳಿಗೆ 2,000 ರೂಪಾಯಿ. ಹನ್ನೆರಡು ತಿಂಗಳಿಗೆ 24,000. ಕೊನೆಯಲ್ಲಿ ಅಸಲು 2,00,000 ಹಾಗೇ ಉಳಿದಿರುತ್ತದೆ. ಇದನ್ನು ಇಎಂಐ ಅಂದುಕೊಳ್ಳಬೇಡಿ. ಇಎಂಐನಲ್ಲಿ ಅಸಲೂ ಸ್ವಲ್ಪ ಸ್ವಲ್ಪ ಕರಗುತ್ತದೆ, ಇಲ್ಲಿ ಕರಗುವುದಿಲ್ಲ. ಚೀಟಿಯಲ್ಲಿ ಒಂದು ತಿಂಗಳು 2,038 ಎಂದೂ ಇನ್ನೊಂದು ತಿಂಗಳು 1,973 ಎಂದೂ ಕಂಡರೆ ಗಾಬರಿಯಾಗಬೇಡಿ. ದಿನ ಎಣಿಸಿ ಬಡ್ಡಿ ಹಾಕುವವರು ವರ್ಷದ ಬಡ್ಡಿಯನ್ನು 365ರಿಂದ ಭಾಗಿಸಿ, ಆ ತಿಂಗಳ ದಿನಗಳಿಂದ ಗುಣಿಸುತ್ತಾರೆ. 31 ದಿನಕ್ಕೆ ಮೊದಲನೆಯದು, 30 ದಿನಕ್ಕೆ ಎರಡನೆಯದು.

ಈಗ ಬುಲೆಟ್. ಇಲ್ಲಿ ಮೊದಲು ಕೇಳಬೇಕಾದ ಮಾತು ಒಂದೇ: ಬಡ್ಡಿಯನ್ನು ಅಸಲಿಗೆ ಎಷ್ಟು ದಿನಕ್ಕೊಮ್ಮೆ ಸೇರಿಸ್ತೀರಿ? ಸೇರಿಸುವುದೇ ಇಲ್ಲ, ಸರಳ ಬಡ್ಡಿ ಅಂದರೆ ವರ್ಷದ ಕೊನೆಗೆ 24,000. ತಿಂಗಳ ಬಡ್ಡಿಯಷ್ಟೇ ಮೊತ್ತ, ಆದರೆ ದುಡ್ಡು ವರ್ಷವಿಡೀ ನಿಮ್ಮ ಕೈಯಲ್ಲೇ ಇತ್ತು. ಹಾಗಾದರೆ ಬುಲೆಟ್ಟೇ ಒಳ್ಳೆಯದು. ತಿಂಗಳಿಗೊಮ್ಮೆ ಸೇರಿಸುತ್ತೇವೆ ಅಂದರೆ ಅದು ಚಕ್ರಬಡ್ಡಿ. ಮೊದಲ ತಿಂಗಳ 2,000 ಅಸಲಿಗೆ ಸೇರಿ, ಎರಡನೇ ತಿಂಗಳ ಬಡ್ಡಿ 2,02,000ಕ್ಕೆ ಬೀಳುತ್ತದೆ, ಅಂದರೆ 2,020. ಮೂರನೇ ತಿಂಗಳು 2,040. ಹೀಗೆ ಏರುತ್ತಾ ಹೋಗುತ್ತದೆ. ಮೊಬೈಲಿನ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ ಇಷ್ಟು ಟೈಪ್ ಮಾಡಿದರೆ ಸಾಕು:

```
=200000*(1+12%/12)^12
```

ಉತ್ತರ 2,25,365. ಅಂದರೆ ಬಡ್ಡಿ 25,365. ತಿಂಗಳ ಬಡ್ಡಿಗಿಂತ 1,365 ಜಾಸ್ತಿ. ನಿಮ್ಮ ಸಾಲದ ಮೊತ್ತ, ದರ ಮತ್ತು ಕೊನೆಯಲ್ಲಿ ತಿಂಗಳ ಸಂಖ್ಯೆ ಬದಲಿಸಿಕೊಳ್ಳಿ. ಐದೇ ತಿಂಗಳಿಗೆ ಬಿಡಿಸಿಕೊಂಡರೆ 2,10,202 ಆಗುತ್ತದೆ, ವ್ಯತ್ಯಾಸ ಬರೀ 202 ರೂಪಾಯಿ. ಬಡ್ಡಿ ಮೇಲಿನ ಬಡ್ಡಿ ಬೆಳೆಯಲು ಸಮಯ ಬೇಕು. ಬೇಗ ಬಿಡಿಸುವವರಿಗೆ ಅದರ ಭಾರ ಕಡಿಮೆ.

ಈ 1,365 ಪೂರ್ತಿ ನಷ್ಟವೂ ಅಲ್ಲ. ಬುಲೆಟ್‌ನಲ್ಲಿ ತಿಂಗಳಿಗೆ 2,000 ನಿಮ್ಮ ಹತ್ತಿರವೇ ಉಳಿಯಿತು, ಅಲ್ವಾ? ಅದನ್ನು ಶೇ 3 ಬಡ್ಡಿಯ ಉಳಿತಾಯ ಖಾತೆಗೆ ಹಾಕುತ್ತಾ ಬಂದಿದ್ದರೆ ವರ್ಷಕ್ಕೆ ಸುಮಾರು 330 ರೂಪಾಯಿ ಸಿಗುತ್ತಿತ್ತು. ಹಾಗಾಗಿ ನಿಜವಾದ ಹೆಚ್ಚುವರಿ ಖರ್ಚು ಸಾವಿರದ ಆಸುಪಾಸು. ಅಡಿಕೆ ಮಾರಿದ ಮೇಲಷ್ಟೇ ಕೈಗೆ ದುಡ್ಡು ಬರುವವರಿಗೆ ಈ ಸಾವಿರ ಕೊಟ್ಟರೂ ಪರವಾಗಿಲ್ಲ ಅನ್ನಿಸಬಹುದು. ತಿಂಗಳ ಸಂಬಳ ಇರುವವರು ಅದನ್ನು ಸುಮ್ನೆ ಯಾಕೆ ಕೊಡಬೇಕು ಎಂಬುದು ನನ್ನ ಪ್ರಶ್ನೆ. ಆ 2,000 ಖರ್ಚಾಗಿಹೋದರೆ ವರ್ಷದ ಕೊನೆಗೆ 25,365 ಒಟ್ಟಿಗೆ ಹೊಂದಿಸುವುದು ಕಷ್ಟ.

ಇನ್ನೊಂದು ವ್ಯತ್ಯಾಸ ಬಡ್ಡಿಯ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಅದು ಎಷ್ಟು ಒಡವೆ ಇಡಬೇಕು ಎಂಬುದು. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ ನಿಯಮಗಳನ್ನು ಸಾಲ ಕೊಡುವವರೆಲ್ಲ 2026ರ ಏಪ್ರಿಲ್ 1ರೊಳಗೆ ಜಾರಿಗೆ ತರಬೇಕು. ಅವುಗಳ ಪ್ರಕಾರ ಮನೆ ಖರ್ಚಿನಂಥ ಸಾಲ ಎರಡೂವರೆ ಲಕ್ಷದವರೆಗೆ ಇದ್ದರೆ ಚಿನ್ನದ ಬೆಲೆಯ ಶೇ 85ರಷ್ಟು ಕೊಡಬಹುದು. ಐದು ಲಕ್ಷದವರೆಗೆ ಶೇ 80, ಅದಕ್ಕಿಂತ ಮೇಲೆ ಶೇ 75. ಆದರೆ ಬುಲೆಟ್ ಸಾಲದಲ್ಲಿ ಈ ಮಿತಿಯನ್ನು ಕೈಗೆ ಕೊಡುವ ಮೊತ್ತಕ್ಕೆ ಹಾಕುವುದಿಲ್ಲ, ಕೊನೆಯಲ್ಲಿ ಕಟ್ಟಬೇಕಾದ ಪೂರ್ತಿ ಮೊತ್ತಕ್ಕೆ ಹಾಕುತ್ತಾರೆ. ನಮ್ಮ ಉದಾಹರಣೆಯಲ್ಲಿ ತಿಂಗಳ ಬಡ್ಡಿಯಾದರೆ 2,00,000ವನ್ನು 0.85ರಿಂದ ಭಾಗಿಸಿ. ಸುಮಾರು 2,35,300 ರೂಪಾಯಿ ಬೆಲೆಯ ಚಿನ್ನ ಸಾಕು. ಬುಲೆಟ್ ಆದರೆ 2,25,365ನ್ನು ಭಾಗಿಸಬೇಕು. ಸುಮಾರು 2,65,100 ರೂಪಾಯಿಯ ಚಿನ್ನ ಬೇಕು. ಅದೇ ಎರಡು ಲಕ್ಷಕ್ಕೆ ಹತ್ತಿರ ಹತ್ತಿರ ಮೂವತ್ತು ಸಾವಿರದಷ್ಟು ಹೆಚ್ಚಿನ ಒಡವೆ ಲಾಕರಿಗೆ ಹೋಗುತ್ತದೆ. ಒಂದು ಉಂಗುರವೋ ಓಲೆಯೋ ಮನೆಯಲ್ಲೇ ಉಳಿಯುತ್ತದೆಯೇ ಎಂಬುದು ಇಲ್ಲಿ ತೀರ್ಮಾನವಾಗುತ್ತದೆ. ಬೆಲೆ ಕಟ್ಟುವಾಗ ಕಲ್ಲು, ಹರಳಿನ ತೂಕ ಕಳೆಯುತ್ತಾರೆ ಎಂಬುದೂ ನೆನಪಿರಲಿ.

ತಿಂಗಳ ಬಡ್ಡಿಯಲ್ಲೂ ಒಂದು ಹಳ್ಳ ಇದೆ, ಮತ್ತು ಅದು ಬುಲೆಟ್‌ನ ಚಕ್ರಬಡ್ಡಿಗಿಂತ ಆಳ. ಕೆಲವು ಸ್ಕೀಮುಗಳಲ್ಲಿ ಹೇಳುವ ಕಡಿಮೆ ದರ 30 ದಿನದೊಳಗೆ ಬಡ್ಡಿ ಕಟ್ಟಿದವರಿಗೆ ಮಾತ್ರ. ತಪ್ಪಿದರೆ ರಿಯಾಯಿತಿ ಹೋಗಿ ದರ ಏರುತ್ತದೆ. ನನ್ನ ಅಕ್ಕ ಹೀಗೇ ಸಿಕ್ಕಿಕೊಂಡಿದ್ದಳು. ಮೂರು ತಿಂಗಳ ಬಡ್ಡಿ ಒಟ್ಟಿಗೆ ಕಟ್ಟೋಣ ಎಂದು ಹೋದಾಗ ದರ ಏರಿತ್ತು, ಅದೂ ಮೊದಲ ದಿನದಿಂದಲೇ ಲೆಕ್ಕ ಹಾಕಿದ್ದರು. ದರ ಶೇ 12ರಿಂದ 18ಕ್ಕೆ ಏರಿತು ಎಂದುಕೊಳ್ಳಿ. 2,00,000ಕ್ಕೆ 90 ದಿನದ ಬಡ್ಡಿ 5,918 ಇರಬೇಕಾದದ್ದು 8,877 ಆಗುತ್ತದೆ. ಮೂರೇ ತಿಂಗಳಲ್ಲಿ 2,959 ರೂಪಾಯಿ ಜಾಸ್ತಿ. ಬುಲೆಟ್‌ನಲ್ಲಿ ಇಡೀ ವರ್ಷಕ್ಕೆ ಹೆಚ್ಚಾಗಿದ್ದು 1,365 ಅಷ್ಟೇ. ಆದ್ದರಿಂದ ತಿಂಗಳ ಬಡ್ಡಿ ಆರಿಸುವ ಮೊದಲು "ಒಂದು ತಿಂಗಳು ತಪ್ಪಿದರೆ ದರ ಎಷ್ಟಾಗುತ್ತೆ, ಯಾವ ದಿನದಿಂದ ಹಾಕ್ತೀರಿ?" ಎಂದು ಕೇಳಿ, ಬರೆದದ್ದನ್ನು ತೋರಿಸಲು ಹೇಳಿ. ಪ್ರತಿ ತಿಂಗಳೂ ತಪ್ಪದೆ ಕಟ್ಟುವ ಧೈರ್ಯ ಇಲ್ಲದವರು ಇಂಥ ಸ್ಕೀಮ್‌ಗೆ ಹೋಗದಿರುವುದೇ ಮೇಲು.

ಸಹಿ ಹಾಕುವ ಮೊದಲು ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಎಂಬ ಹಾಳೆ ಕೇಳಿ ಪಡೆಯಿರಿ. ಅದರಲ್ಲಿ ಎಪಿಆರ್ ಎಂಬ ಒಂದು ದರ ಇರುತ್ತದೆ. ಪ್ರೊಸೆಸಿಂಗ್, ಒಡವೆ ಪರೀಕ್ಷೆ ಮುಂತಾದ ಖರ್ಚು ಸೇರಿದ ವರ್ಷದ ದರ ಅದು. ಎರಡು ಸ್ಕೀಮುಗಳ ಬಡ್ಡಿ ದರ ಬೇರೆ ಬೇರೆ ಇದ್ದಾಗ ಬೋರ್ಡಿನ ಮೇಲಿನ ದರ ಬಿಟ್ಟು ಎಪಿಆರ್ ಹೋಲಿಸಿ.

ಅವಧಿ ಮುಗಿದಾಗ ನವೀಕರಿಸುವ ಯೋಚನೆ ಇದ್ದರೆ ಅದನ್ನೂ ಈಗಲೇ ಲೆಕ್ಕಕ್ಕೆ ತನ್ನಿ. ಹೊಸ ನಿಯಮದಲ್ಲಿ ಇಂಥ ಬುಲೆಟ್ ಸಾಲದ ಅವಧಿ 12 ತಿಂಗಳು ಮೀರುವಂತಿಲ್ಲ, ಮತ್ತು ಅಲ್ಲಿಯವರೆಗಿನ ಬಡ್ಡಿ ಕಟ್ಟಿದ ಮೇಲೆಯೇ ನವೀಕರಣ. ಅಂದರೆ 25,365 ನಗದು ಆ ದಿನ ಕೈಯಲ್ಲಿರಬೇಕು.

ಬುಲೆಟ್ ತೆಗೆದುಕೊಂಡ ಮೇಲೆ ನಡುವೆ ದುಡ್ಡು ಬಂದರೆ ಕೊನೆಯವರೆಗೆ ಕಾಯಬೇಕಾಗಿಲ್ಲ. ನಡುವೆ ಕಟ್ಟಲು ಬಿಡುತ್ತಾರಾ ಎಂದು ಮೊದಲೇ ಕೇಳಿಕೊಂಡಿರಿ. ಆರನೇ ತಿಂಗಳ ಕೊನೆಗೆ ಬಾಕಿ 2,12,304 ಇರುತ್ತದೆ. ಆಗ 12,000 ಕಟ್ಟಿದರೆ 2,00,304 ಉಳಿಯುತ್ತದೆ. ಉಳಿದ ಆರು ತಿಂಗಳಿಗೆ ಅದು 2,12,627 ಆಗುತ್ತದೆ. ಒಟ್ಟು ಬಡ್ಡಿ 25,365ರ ಬದಲು 24,627. ಒಂದೇ ಸಲ ಹೋಗಿ ಬಂದದ್ದಕ್ಕೆ 738 ರೂಪಾಯಿ ಉಳಿಯಿತು. ಕಟ್ಟಿದ ದಿನವೇ ರಸೀದಿಯಲ್ಲಿ ಉಳಿದ ಬಾಕಿ ಎಷ್ಟೆಂದು ಬರೆಸಿಕೊಳ್ಳಿ.